ಗಡಿಯಾರದ ರಾಗ ಕೇಳಿ ಅದು ಬಿಗ್ ಬೆನ್ ಎಂದು ಹೇಳಬಹುದೇ?

"ಲಂಡನ್ನಿನ ಬಿಗ್ ಬೆನ್ ಹೊಸ ವರ್ಷಕ್ಕೆ ಹನ್ನೆರಡು ಬಾರಿಸಿದ ಕ್ಷಣ" ಎಂಬ ಒಕ್ಕಣೆಯೊಂದಿಗೆ ಒಂದು ಆಡಿಯೋ ಕ್ಲಿಪ್ ನಿಮ್ಮ ವಾಟ್ಸಾಪ್ ಗುಂಪಿಗೆ ಬಂದಿದೆ ಎಂದುಕೊಳ್ಳಿ. ರಾಗವೇನೋ ಪರಿಚಿತವೇ. ಆದರೆ ಒಕ್ಕಣೆ ನಿಜವೇ? ಸ, ರಿ, ಗ, ಪ ಗೊತ್ತಿದ್ದರೆ ಸಾಕು, ನಾವೇ ಪರೀಕ್ಷಿಸಿ ನೋಡಬಹುದು.

ನಾಲ್ಕೇ ಸ್ವರ, ಐದೇ ಸಾಲು

ಈ ರಾಗದ ಹೆಸರು ವೆಸ್ಟ್‌ಮಿನ್ಸ್ಟರ್ ಕ್ವಾರ್ಟರ್ಸ್. ಇದು ಹುಟ್ಟಿದ್ದು ಲಂಡನ್ನಿನಲ್ಲಿ ಅಲ್ಲ. 1793ರಲ್ಲಿ ಕೇಂಬ್ರಿಡ್ಜಿನ ಗ್ರೇಟ್ ಸೇಂಟ್ ಮೇರೀಸ್ ಚರ್ಚಿನ ಗಡಿಯಾರಕ್ಕಾಗಿ ಇದನ್ನು ರಚಿಸಲಾಯಿತು. ಲಂಡನ್ನಿನ ಸಂಸತ್ ಭವನದ ಗೋಪುರಕ್ಕೆ ಬಂದದ್ದು 1859ರಲ್ಲಿ. ಅಲ್ಲಿ ರಾಗ ನುಡಿಸುವುದು ನಾಲ್ಕು ಚಿಕ್ಕ ಘಂಟೆಗಳು. ಬಿಗ್ ಬೆನ್ ಎಂಬ ದೊಡ್ಡ ಘಂಟೆ ಎಷ್ಟು ಗಂಟೆಯಾಯಿತು ಎಂಬುದನ್ನಷ್ಟೇ ಬಾರಿಸುತ್ತದೆ.

ಇಡೀ ರಾಗ ಈ ಐದು ಸಾಲುಗಳಲ್ಲಿ ಮುಗಿಯುತ್ತದೆ. ಇಲ್ಲಿ 'ಪ' ಎಂದರೆ 'ಸ'ಗಿಂತ ಕೆಳಗಿನ ಮಂದ್ರ ಪಂಚಮ.

1. ಗ ರಿ ಸ ಪ
2. ಸ ಗ ರಿ ಪ
3. ಸ ರಿ ಗ ಸ
4. ಗ ಸ ರಿ ಪ
5. ಪ ರಿ ಗ ಸ

ಕಾಲು ಗಂಟೆಗೆ 1ನೇ ಸಾಲು ಮಾತ್ರ. ಅರ್ಧ ಗಂಟೆಗೆ 2 ಮತ್ತು 3. ಮುಕ್ಕಾಲಿಗೆ 4, 5, ಮತ್ತೆ 1. ಗಂಟೆ ಪೂರ್ತಿಯಾಗುವಾಗ 2, 3, 4, 5, ಆಮೇಲೆ ಗಂಟೆಯ ಬಡಿತಗಳು. ಕಾಲು ಮತ್ತು ಮುಕ್ಕಾಲಿನಲ್ಲಿ ರಾಗ 'ಪ'ದಲ್ಲಿ ನಿಲ್ಲುವುದರಿಂದ ಏನೋ ಬಾಕಿ ಉಳಿದಂತೆ ಕೇಳಿಸುತ್ತದೆ. ಅರ್ಧ ಮತ್ತು ಪೂರ್ತಿ ಗಂಟೆಯಲ್ಲಿ 'ಸ'ಕ್ಕೆ ಬಂದು ಮುಗಿಯುತ್ತದೆ.

ಕ್ಲಿಪ್ ಪರೀಕ್ಷಿಸೋಣ

ಮೊಬೈಲಿನ ಕೀಬೋರ್ಡ್ ಆ್ಯಪ್‌ನಲ್ಲಿ ಒಂದೊಂದೇ ಸ್ವರ ಹುಡುಕಿ ಬರೆದುಕೊಂಡಾಗ ಹೀಗೆ ಸಿಕ್ಕಿತು ಎನ್ನೋಣ: ಎ-ಎಫ್-ಜಿ-ಸಿ, ಸಿ-ಜಿ-ಎ-ಎಫ್, ಎ-ಜಿ-ಎಫ್-ಸಿ. ಇದನ್ನು ಹೀಗೇ ಹುಡುಕಿದರೆ ಪ್ರಯೋಜನವಿಲ್ಲ, ಏಕೆಂದರೆ ಒಂದೊಂದು ಗಡಿಯಾರದ ಶ್ರುತಿ ಒಂದೊಂದು. ಮೊದಲು 'ಸ' ಯಾವುದೆಂದು ತಿಳಿಯಬೇಕು.

ನಾಲ್ಕು ಸ್ವರಗಳಲ್ಲಿ ಮೂರು ಅಕ್ಕಪಕ್ಕ ಇರುತ್ತವೆ, ಒಂದು ಮಾತ್ರ ದೂರ ಕೆಳಗಿರುತ್ತದೆ. ಆ ದೂರದ್ದು 'ಪ'. ಉಳಿದ ಮೂರರಲ್ಲಿ ಕೆಳಗಿನದು 'ಸ'. ಇಲ್ಲಿ ಸಿ ಎಂದರೆ ಪ, ಎಫ್ ಎಂದರೆ ಸ, ಜಿ ರಿ, ಎ ಗ. ಈಗ ಓದಿ: ಗ ಸ ರಿ ಪ, ಪ ರಿ ಗ ಸ, ಗ ರಿ ಸ ಪ. ಅಂದರೆ 4, 5, 1. ರಾಗ ವೆಸ್ಟ್‌ಮಿನ್ಸ್ಟರ್ ಕ್ವಾರ್ಟರ್ಸ್ ಹೌದು, ಆದರೆ ಇದು ಮುಕ್ಕಾಲು ಗಂಟೆಯ ಭಾಗ. ಹನ್ನೆರಡು ಗಂಟೆಯದಾಗಿದ್ದರೆ ನಾಲ್ಕು ಸಾಲು ಮುಗಿದ ಮೇಲೆ ಹನ್ನೆರಡು ಬಡಿತ ಕೇಳಬೇಕಿತ್ತು. ಒಕ್ಕಣೆ ಇಲ್ಲಿಗೇ ಸುಳ್ಳಾಯಿತು.

ಎಲ್ಲಿ ಎಡವುತ್ತೇವೆ?

ಚರ್ಚಿನ ಘಂಟೆಯ ಒಂದು ಬಡಿತದಲ್ಲೇ ಹಲವು ಸ್ವರಗಳು ಒಟ್ಟಿಗೆ ಹೊರಡುತ್ತವೆ. ಕಿವಿಗೆ ಕೇಳುವ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗಿನ ಗುಂಯ್‌ಕಾರವೂ, ಕೋಮಲ ಗಾಂಧಾರದಂಥ ಇನ್ನೊಂದು ಸ್ವರವೂ ಅದರಲ್ಲಿ ಇರುತ್ತವೆ. ಹಾಗಾಗಿ ಶ್ರುತಿ ತೋರಿಸುವ ಟ್ಯೂನರ್ ಆ್ಯಪ್ ಬೇರೆಯದೇ ಸ್ವರ ತೋರಿಸಬಹುದು. ಬಡಿತದ ಮೊದಲ ಕ್ಷಣದಲ್ಲಿ ಕೇಳಿದ್ದನ್ನು ಬಾಯಲ್ಲಿ ಗುನುಗಿ, ಆ ಗುನುಗನ್ನು ಆ್ಯಪ್‌ಗೆ ಕೇಳಿಸುವುದು ಮೇಲು.

ನಾಲ್ಕಕ್ಕಿಂತ ಹೆಚ್ಚು ಸ್ವರಗಳು ಸಿಕ್ಕರೆ ಅದು ಈ ರಾಗವಲ್ಲ. ಉದ್ದನೆಯ ಹಳೆಯ ಗಡಿಯಾರಗಳಲ್ಲಿ ಎಂಟು ಸ್ವರಗಳ ವಿಟಿಂಗ್ಟನ್ ಎಂಬ ರಾಗವೂ ಇರುತ್ತದೆ. ಘಂಟೆಗಳ ಕ್ರಮ ಪ್ರತಿ ಸುತ್ತಿಗೂ ಬದಲಾಗುತ್ತಲೇ ಹೋದರೆ ಅದು ರಾಗವೇ ಅಲ್ಲದಿರಬಹುದು. ಇಂಗ್ಲೆಂಡಿನ ಚರ್ಚುಗಳಲ್ಲಿ ಹಗ್ಗ ಎಳೆದು, ಲೆಕ್ಕಾಚಾರದಂತೆ ಕ್ರಮ ಬದಲಿಸುತ್ತಾ ಬಾರಿಸುವ ಪದ್ಧತಿಯಿದೆ.

ರಾಗ ಸಿಕ್ಕಿತು, ಊರು ಸಿಕ್ಕಿತೇ?

ಇಲ್ಲ. ಇದೇ ರಾಗ ಜಪಾನಿನ ಶಾಲೆಗಳ ಬೆಲ್‌ನಲ್ಲಿದೆ, ಮನೆಯ ಗೋಡೆ ಗಡಿಯಾರಗಳಲ್ಲೂ ಇದೆ. ಲಂಡನ್ ಗೋಪುರದ 'ಸ' ಇರುವುದು ಇ ಸ್ವರದಲ್ಲಿ. ನಮ್ಮ ಕ್ಲಿಪ್‌ನ 'ಸ' ಎಫ್ ಆಗಿರುವುದು ಅನುಮಾನಕ್ಕೆ ಕಾರಣ, ಆದರೆ ಅದೇ ಸಾಕ್ಷಿಯಲ್ಲ. ಆಡಿಯೋದ ವೇಗ ತುಸು ಹೆಚ್ಚಿಸಿದರೂ ಶ್ರುತಿ ಏರುತ್ತದೆ. ಸ್ವರಗಳ ಕ್ರಮದಿಂದ ಯಾವ ರಾಗ, ಗಂಟೆಯ ಯಾವ ಭಾಗ ಎಂದು ಹೇಳಬಹುದು. ಯಾವ ಗೋಪುರ ಎಂದು ಹೇಳಲು ಬೇರೆ ಆಧಾರ ಬೇಕು. ಅದಿಲ್ಲದಿದ್ದರೆ "ಬಿಗ್ ಬೆನ್" ಎಂಬ ಹೆಸರು ಹಾಕಿ ಫಾರ್ವರ್ಡ್ ಮಾಡಬೇಡಿ.