ಕುಕ್ಕರ್ ಸಿಡಿದದ್ದು ಯಾರ ತಪ್ಪು?

ಕುಕ್ಕರ್ ಸಿಡಿಯೋದು ಅಂದ್ರೆ ಏನು ಅಂತ ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಮನೆಯ ಕುಕ್ಕರ್ ಸೀಟಿ ಹೊಡೆಯುವ ಹೊತ್ತಿಗೆ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಹೆಚ್ಚಿರುತ್ತೆ. ಕೇಳೋಕೆ ಚಿಲ್ಲರೆ ಅನ್ಸುತ್ತೆ. ಆದರೆ 20 ಸೆಂಟಿಮೀಟರ್ ಅಗಲದ ಮುಚ್ಚಳಕ್ಕೆ 314 ಚದರ ಸೆಂಟಿಮೀಟರ್ ಜಾಗ ಇರುತ್ತೆ. ಅಂದರೆ ದಿನಾ ಬೆಳಿಗ್ಗೆ ಬೇಳೆ ಬೇಯುವಾಗ ಆ ಮುಚ್ಚಳವನ್ನು ಒಳಗಿನಿಂದ ಮೂರು ಕ್ವಿಂಟಾಲ್ ಭಾರದಷ್ಟು ಬಲ ಮೇಲಕ್ಕೆ ತಳ್ಳುತ್ತಾ ಇರುತ್ತೆ. ಅದು ಹಾರಿದರೆ ಸೀಲಿಂಗಿಗೆ ಬಡಿಯುತ್ತೆ, ಅಥವಾ ಒಲೆ ಮುಂದೆ ನಿಂತವರ ಮುಖಕ್ಕೆ.

ಹಾರದಂತೆ ತಡೆಯೋಕೆ ಹಳೆಯ ಕುಕ್ಕರ್‌ಗಳಲ್ಲಿ ಎರಡು ಕಾವಲುಗಾರರು ಇದ್ದರು. ಮೊದಲನೆಯದು ವೆಯ್ಟ್, ಅಂದರೆ ಸೀಟಿ. ಒತ್ತಡ ಮಿತಿ ಮುಟ್ಟಿದ ಕೂಡಲೇ ಅದು ಎದ್ದು ಹಬೆ ಬಿಡುತ್ತೆ. ತೊಗರಿಬೇಳೆಯ ನೊರೆಯೋ ಸೊಪ್ಪಿನ ಎಲೆಯೋ ಆ ಸಣ್ಣ ನಳಿಕೆಯನ್ನು ಮುಚ್ಚಿಬಿಟ್ಟರೆ ಎರಡನೆಯದರ ಪಾಳಿ. ಅದು ಸೇಫ್ಟಿ ವಾಲ್ವ್, ನಡುವೆ ಕಡಿಮೆ ಶಾಖಕ್ಕೇ ಕರಗುವ ಲೋಹ ತುಂಬಿದ ಒಂದು ಗುಂಡಿ. ಒತ್ತಡ ಏರಿದಂತೆ ಹಬೆಯ ಶಾಖವೂ ಏರುತ್ತೆ. ಮಾಮೂಲಿ ಅಡುಗೆಯಲ್ಲಿ ಸುಮಾರು 120 ಡಿಗ್ರಿ, ಒತ್ತಡ ಮೂರು ಪಟ್ಟಾದರೆ 143ರ ಆಸುಪಾಸು. ಅಷ್ಟರಲ್ಲಿ ಲೋಹ ಕರಗಿ ತೂತಾಗಿ ಹಬೆ ಬುಸ್ಸೆಂದು ಹೊರಗೆ ಹೋಗುತ್ತೆ. ವಾಲ್ವ್ ಹಾಳಾಯ್ತು, ಮನೆ ಉಳಿಯಿತು. ಹೊಸ ವಾಲ್ವ್ ತಂದು ಹಾಕಿಕೊಂಡರೆ ಆಯ್ತು.

ಕಥೆ ಶುರುವಾಗೋದೇ ಈ ‘ಹೊಸ ವಾಲ್ವ್ ತಂದು’ ಅನ್ನೋ ಜಾಗದಲ್ಲಿ.

ಟಿಟಿಕೆ ಕಂಪನಿ ಇಂಗ್ಲೆಂಡಿನ ಪ್ರೆಸ್ಟೀಜ್ ಜೊತೆ ತಾಂತ್ರಿಕ ಒಪ್ಪಂದ ಮಾಡಿಕೊಂಡು ಇಲ್ಲಿ ಕುಕ್ಕರ್ ತಯಾರಿಸುತ್ತಿತ್ತು. ಕಾರ್ಖಾನೆ ಇದ್ದದ್ದು ನಮ್ಮ ಬೆಂಗಳೂರಿನ ದೂರವಾಣಿನಗರದಲ್ಲೇ. 1970ರ ದಶಕದ ಆರಂಭದಲ್ಲಿ ಅಮೆರಿಕದ ಓದು ಬಿಟ್ಟು ಬಂದು, ಸಾಲದಲ್ಲಿ ಮುಳುಗಿದ್ದ ಕುಟುಂಬದ ವ್ಯವಹಾರಕ್ಕೆ ಹೆಗಲು ಕೊಟ್ಟವರು ಟಿ.ಟಿ. ಜಗನ್ನಾಥನ್. ದಕ್ಷಿಣದಲ್ಲಿ ಪ್ರೆಸ್ಟೀಜ್ ಹೆಸರು ಗಟ್ಟಿಯಾಗಿತ್ತು. ಉತ್ತರ ಭಾರತದಿಂದ ಮಾತ್ರ ಕುಕ್ಕರ್ ಸಿಡಿಯುತ್ತೆ ಅನ್ನೋ ದೂರು. ಜಗನ್ನಾಥನ್ ಮುಂದೆ ಹೇಳಿಕೊಂಡಂತೆ, ಅವರು ಲಖನೌಗೆ ಹೋಗಿ ಸ್ವತಃ ವಿಚಾರಿಸಿದರು. ಸಿಡಿದ ಕುಕ್ಕರ್‌ಗಳಲ್ಲಿ ಇದ್ದದ್ದು ಕಂಪನಿಯ ವಾಲ್ವ್ ಅಲ್ಲ, ಬಜಾರಿನ ನಕಲಿ ಮಾಲು.

ನಕಲಿ ವಾಲ್ವ್ ನೋಡೋಕೆ ಥೇಟ್ ಅಸಲಿಯ ಹಾಗೇ ಇರುತ್ತೆ, ಮರೆಯಲ್ಲೂ ಸರಿಯಾಗಿ ಕೂರುತ್ತೆ. ಕರಗಬೇಕಾದಾಗ ಕರಗೋದಿಲ್ಲ, ಅಷ್ಟೇ. ಉದಾಹರಣೆಗೆ, ರೇಡಿಯೋ ರಿಪೇರಿಯವರು ಬಳಸುವ ಸಾಮಾನ್ಯ ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತೆ. ವಾಲ್ವಿನೊಳಗೆ ಅಂಥದ್ದು ತುಂಬಿದ್ದರೆ, ಅದು ಕರಗುವ ಹೊತ್ತಿಗೆ ಒಳಗಿನ ಒತ್ತಡ ಮಾಮೂಲಿಯ ಸುಮಾರು ಹತ್ತು ಪಟ್ಟು. ಮೂರು ಕ್ವಿಂಟಾಲಿನ ಜಾಗದಲ್ಲಿ ಮೂರು ಟನ್. ಮುಚ್ಚಳ ಅಲ್ಲಿಯವರೆಗೆ ಕಾಯೋದಿಲ್ಲ.

ಈಗ ಕಂಪನಿಯ ಕುರ್ಚಿಯಲ್ಲಿ ಕೂತು ಯೋಚನೆ ಮಾಡಿ. ತನಿಖೆ ಮುಗೀತು. ನಮ್ಮ ತಯಾರಿಕೆಯಲ್ಲಿ ದೋಷ ಇಲ್ಲ, ಗ್ರಾಹಕರು ನಕಲಿ ಬಿಡಿಭಾಗ ಹಾಕಿಕೊಂಡಿದ್ದಾರೆ. ಗ್ಯಾರಂಟಿ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಇದನ್ನು ಬರೆದೂ ಇರುತ್ತೇವೆ. ಫೈಲ್ ಮುಚ್ಚಬಹುದು. ನಾವು ಕೆಲಸ ಮಾಡೋ ಆಫೀಸುಗಳಲ್ಲಿ ಇವತ್ತಿಗೂ ನಡೆಯೋದು ಇದೇ ತಾನೇ? ಟಿಕೆಟ್ ಮೇಲೆ ‘ಯೂಸರ್ ಎರರ್’ ಅಂತ ಗುರುತು ಹಾಕಿ ಕ್ಲೋಸ್ ಮಾಡಿದರೆ ಆ ವಾರದ ಲೆಕ್ಕ ಚೆನ್ನಾಗಿ ಕಾಣುತ್ತೆ.

ನನ್ನ ಪ್ರಕಾರ ಜಗನ್ನಾಥನ್ ಆ ದೂರುಗಳನ್ನು ಓದಿದ ರೀತಿಯೇ ಬೇರೆ. ಏನು ಒಡೆಯಿತು ಅನ್ನೋದಕ್ಕಿಂತ, ಒಡೆಯುವ ಮುಂಚೆ ಆ ಮನೆಯವರು ಏನು ಮಾಡಿದ್ದರು ಅನ್ನೋದು ಅಲ್ಲಿ ಮುಖ್ಯವಾಯ್ತು. ವಾಲ್ವ್ ಒಮ್ಮೆ ಕರಗಿದೆ. ಅಡುಗೆ ನಿಲ್ಲೋ ಹಾಗಿಲ್ಲ. ಪಕ್ಕದ ಪಾತ್ರೆ ಅಂಗಡಿಯಲ್ಲಿ ಅಗ್ಗದ ಒಂದು ವಾಲ್ವ್ ಸಿಕ್ಕಿದೆ, ತಂದು ತಿರುಗಿಸಿದ್ದಾರೆ. ಇದರಲ್ಲಿ ಮೂರ್ಖತನ ಏನಿದೆ? ಯಾರಾದರೂ ಮಾಡೋದೇ ಅದು. ದೇಶದ ಅಷ್ಟೂ ಪಾತ್ರೆ ಅಂಗಡಿಗಳ ಮೇಲೆ ಪೊಲೀಸರನ್ನು ಬಿಡೋಕಾಗಲ್ಲ. ಹಾಗಾದರೆ ಬಜಾರಿನಲ್ಲಿ ಬದಲಾಯಿಸಲಾಗದ ಒಂದು ಕಾವಲು ಬೇಕು.

ಲಖನೌನಿಂದ ವಾಪಸ್ ಬರುವಾಗ ವಿಮಾನದಲ್ಲೇ ಅದರ ಚಿತ್ರ ಬರೆದುಕೊಂಡೆ ಅಂತ ಅವರು ಹೇಳ್ತಿದ್ದರು. ಪರಿಹಾರ ಎಷ್ಟು ಸರಳ ಅಂದ್ರೆ, ವಿವರಿಸೋಕೆ ಎರಡು ವಾಕ್ಯ ಸಾಕು. ಮುಚ್ಚಳದ ಅಂಚಿನಲ್ಲಿ ಒಂದು ಕಡೆ ಉದ್ದನೆಯ ಸೀಳು. ಒತ್ತಡ ಮಿತಿ ಮೀರಿದರೆ ಒಳಗಿನ ರಬ್ಬರ್ ಗ್ಯಾಸ್ಕೆಟ್ ಆ ಸೀಳಿನಿಂದ ಹೊರಕ್ಕೆ ಉಬ್ಬಿ ಬರುತ್ತೆ, ಸೀಲ್ ಬಿಟ್ಟುಹೋಗಿ ಹಬೆ ಆ ದಾರಿಯಲ್ಲಿ ಕೆಳಮುಖವಾಗಿ ಹೊರಟುಹೋಗುತ್ತೆ. ಇದೇ ಗ್ಯಾಸ್ಕೆಟ್ ರಿಲೀಸ್ ಸಿಸ್ಟಮ್.

ಇದರ ಜಾಣತನ ಇರೋದು ಆ ಸೀಳು ಎಲ್ಲಿದೆ ಅನ್ನೋದರಲ್ಲಿ. ಗ್ಯಾಸ್ಕೆಟ್ ಕೂಡ ಬಿಡಿಭಾಗವೇ, ಅದರ ನಕಲಿಯೂ ಧಾರಾಳವಾಗಿ ಸಿಗುತ್ತೆ. ಆದರೆ ನಕಲಿ ರಬ್ಬರೂ ರಬ್ಬರೇ. ಆಸರೆ ಇಲ್ಲದ ಕಡೆ ಒತ್ತಿದರೆ ಅದೂ ಹೊರಗೆ ಉಬ್ಬುತ್ತೆ. ಸೀಳು ಇರೋದು ಮುಚ್ಚಳದಲ್ಲಿ, ಮುಚ್ಚಳವನ್ನು ಯಾರೂ ಬಿಡಿಯಾಗಿ ಬಜಾರಿನಲ್ಲಿ ಕೊಂಡು ಹಾಕಿಕೊಳ್ಳೋದಿಲ್ಲ. ‘ಅಸಲಿ ಬಿಡಿಭಾಗವನ್ನೇ ಬಳಸಿ’ ಅಂತ ಬುದ್ಧಿ ಹೇಳೋದು ಬಿಟ್ಟು, ಬುದ್ಧಿ ಕೇಳದವರ ಮನೆಯಲ್ಲೂ ಕೆಲಸ ಮಾಡೋ ವಸ್ತು ಬಂತು. ಮಾರುಕಟ್ಟೆಯಲ್ಲಿ ಖಾಲಿ ಇದ್ದ ಜಾಗ ಅದೇ. ಕುಕ್ಕರ್ ಕೊಳ್ಳೋಕೆ ದುಡ್ಡು ಇದ್ದೂ ಹೆದರಿ ಕೂತಿದ್ದ ಮನೆಗಳಿಗೆ ಹೇಳೋಕೆ ಈಗ ಒಂದು ಹೊಸ ಮಾತು ಸಿಕ್ಕಿತ್ತು.

‘ಗ್ರಾಹಕರದೇ ತಪ್ಪು’ ಅಂತ ಮುಚ್ಚಿಟ್ಟ ಕಟ್ಟಿನಲ್ಲಿ ಹೊಸ ಉತ್ಪನ್ನ ಸಿಕ್ಕಿದ್ದು ಇದೊಂದೇ ಸಲ ಅಲ್ಲ. ಇದಕ್ಕೂ ಮೊದಲು ಮುಂಬೈಯಲ್ಲಿ ಸೀಮೆನ್ಸ್ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯ ಜರ್ಮನ್ ಮಿಕ್ಸರ್ ಕೆಟ್ಟು ನಿಂತಿತ್ತು. ಬ್ರಾನ್ ಕಂಪನಿಯದು, ಇಲ್ಲಿ ರಿಪೇರಿಗೆ ದಾರಿ ಇರಲಿಲ್ಲ. ಆ ಯಂತ್ರ ತಯಾರಾದದ್ದು ಹಣ್ಣು, ಹಾಲು, ಸೂಪಿನಂಥ ಮೆತ್ತನೆ ಪದಾರ್ಥಗಳಿಗೆ. ನಮ್ಮವರು ಅದರಲ್ಲಿ ಹಾಕ್ತಿದ್ದದ್ದು ನೆನೆಸಿದ ಅಕ್ಕಿ, ಉದ್ದಿನಬೇಳೆ, ಒಣ ಮೆಣಸಿನಕಾಯಿ, ಅರಿಶಿನದ ಕೊಂಬು. ಹಿಟ್ಟು ಗಟ್ಟಿಯಾಗಿ ಬ್ಲೇಡ್ ಸಿಕ್ಕಿಕೊಂಡರೆ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತೆ, ಸುರುಳಿ ಕಾಯುತ್ತೆ, ಕೊನೆಗೆ ಆ ಸುಟ್ಟ ವಾಸನೆ. ಕೈಪಿಡಿಯ ಲೆಕ್ಕದಲ್ಲಿ ಇದು ದುರುಪಯೋಗ. ಅಡುಗೆಮನೆಯ ಲೆಕ್ಕದಲ್ಲಿ ಇದು ಬೆಳಗಿನ ತಿಂಡಿ! ಮಾಥುರ್ 500 ವಾಟಿನ ಆಸುಪಾಸಿನ ಮೋಟಾರು ಕೂರಿಸಿ, ನಮ್ಮ ರುಬ್ಬುವ ಕೆಲಸಕ್ಕೆಂದೇ ಯಂತ್ರ ಕಟ್ಟಿದರು. 1963ರಲ್ಲಿ ಶುರುವಾದ ಅವರ ಕಂಪನಿಯ ಸುಮೀತ್ ಎಷ್ಟೋ ಮನೆಗಳಲ್ಲಿ ಒರಳುಕಲ್ಲನ್ನು ಹಿತ್ತಲಿಗೆ ಕಳಿಸಿತು.

ಸುಮೀತ್ ಸದ್ದು ನೆನಪಿದೆಯಾ? ಪಕ್ಕದ ಮನೆಗೂ ಚಟ್ನಿ ವಿಷಯ ಗೊತ್ತಾಗ್ತಿತ್ತು. ಮಿಕ್ಸಿ ಬಗ್ಗೆ ಇವತ್ತಿಗೂ ಎಲ್ಲರೂ ಹೇಳೋ ದೂರು ಸದ್ದಿನದ್ದೇ. ಹಾಗಂತ ಸದ್ದಿಲ್ಲದ ಮಿಕ್ಸಿ ಮಾಡಿದರೆ ದುಡ್ಡಾಗುತ್ತೆ ಅಂತ ಹೊರಟರೆ ಎಡವುತ್ತೀರಿ. ಸದ್ದಿಗೆ ಬೈಯುವವರೇ ಅಂಗಡಿಗೆ ಹೋದಾಗ ಕೇಳೋದು ಎಷ್ಟು ವಾಟ್ ಅಂತ. ಬೈದಮೇಲೆ ಜನ ಏನು ಮಾಡಿದರು ಅನ್ನೋದನ್ನ ನೋಡಬೇಕು. ಲಖನೌನವರು ಅಂಗಡಿಗೆ ಹೋಗಿ ವಾಲ್ವಿಗೆ ದುಡ್ಡು ಕೊಟ್ಟಿದ್ದರು. ಮಿಕ್ಸಿ ಕೆಟ್ಟವರು ಮತ್ತೆ ಒರಳಿನ ಮುಂದೆ ಕೂತಿದ್ದರು. ಎರಡೂ ಕಡೆ ಜನ ಆಗಲೇ ಹಣವೋ ಶ್ರಮವೋ ಖರ್ಚು ಮಾಡಿ ತಮ್ಮದೇ ಪರಿಹಾರ ಹುಡುಕಿಕೊಂಡಿದ್ದರು. ಸದ್ದಿನ ವಿಷಯದಲ್ಲಿ ನಾವು ಮಾಡಿದ್ದು ಇಷ್ಟೇ: ಮಿಕ್ಸಿ ಆನ್ ಮಾಡುವ ಮುಂಚೆ ಫೋನಿನಲ್ಲಿ ‘ಒಂದ್ ನಿಮಿಷ’ ಅನ್ನೋದು.

ಆನ್‌ಲೈನ್ ರಿವ್ಯೂ ಓದುವಾಗ ಐದು ಸ್ಟಾರಿನವನ್ನು ನಾನು ಬಿಟ್ಟುಬಿಡ್ತೀನಿ. ಒಂದು ಸ್ಟಾರಿನವುಗಳಲ್ಲಿ ಡಬ್ಬಿ ಜಜ್ಜಿಹೋಗಿತ್ತು, ಡೆಲಿವರಿ ತಡವಾಯ್ತು ಅನ್ನೋವೇ ಜಾಸ್ತಿ, ವಸ್ತುವಿನ ಬಗ್ಗೆ ಮಾತು ಕಡಿಮೆ. ಎರಡು-ಮೂರು ಸ್ಟಾರಿನವರು ಒಂದಷ್ಟು ದಿನ ಬಳಸಿ ಬರೆದಿರ್ತಾರೆ. ‘ನಾನು ಅದಕ್ಕೆ ಹೀಗೆ ಮಾಡಿಕೊಂಡೆ’ ಅನ್ನೋ ವಾಕ್ಯ ಸಿಗೋದು ಅಲ್ಲೇ. ಅದರ ಕೆಳಗೆ ಮಾರಾಟಗಾರರು ‘ದಯವಿಟ್ಟು ಸೂಚನೆಯಂತೆ ಬಳಸಿ’ ಅಂತ ಉತ್ತರ ಕೊಟ್ಟಿದ್ದರೆ, ಆ ರಿವ್ಯೂವನ್ನು ಎರಡನೇ ಸಲ ಓದಿ. ಒಂದೇ ಸೂಚನೆಯನ್ನು ಪರಸ್ಪರ ಪರಿಚಯವೇ ಇಲ್ಲದ ಹತ್ತು ಜನ ಒಂದೇ ಥರ ಮೀರಿದ್ದರೆ, ಆ ಹತ್ತೂ ಜನ ದಡ್ಡರಿರೋ ಸಾಧ್ಯತೆ ಕಡಿಮೆ.

ಆದರೆ ರಿವ್ಯೂನಲ್ಲಿ ಸಿಗದ ಜನವೂ ಇದ್ದಾರೆ. ಕುಕ್ಕರಿಗೆ ಹೆದರಿ ಕೊಳ್ಳದೇ ಇದ್ದವರು ಯಾವ ಕಂಪನಿಗೂ ದೂರು ಬರೆಯಲಿಲ್ಲ. ಅವರು ಸಿಗೋದು ಅಂಗಡಿಯ ಕೌಂಟರಿನಲ್ಲಿ, ಬೆಲೆ ಕೇಳಿ, ವಸ್ತು ಮುಟ್ಟಿ ನೋಡಿ, ವಾಪಸ್ ಇಡುವ ಹೊತ್ತಿನಲ್ಲಿ. ದೂರವಾಣಿನಗರದಲ್ಲಿ ಕೂತು ಎಷ್ಟೇ ಪತ್ರ ಓದಿದ್ದರೂ ಅವರು ಕಣ್ಣಿಗೆ ಬೀಳುತ್ತಿರಲಿಲ್ಲ. ಲಖನೌ ಪ್ರಯಾಣಕ್ಕೆ ಬೆಲೆ ಬರೋದು ಅದಕ್ಕೇ.

ಇಷ್ಟೆಲ್ಲ ಆದಮೇಲೆ ಗ್ಯಾಸ್ಕೆಟ್ ರಿಲೀಸ್ ಸಿಸ್ಟಮ್‌ಗೆ ಈಗ ಬರೋ ರಿವ್ಯೂಗಳನ್ನು ನೋಡಬೇಕು. ಗ್ಯಾಸ್ಕೆಟ್ ಹೊರಗೆ ಬಂತು, ಬೇಳೆಯೆಲ್ಲ ಸ್ಟೌ ಮೇಲೆ ಚೆಲ್ಲಿತು, ಕಳಪೆ ಮಾಲು, ಒಂದು ಸ್ಟಾರ್. ಪ್ರಾಣ ಉಳಿಸಿದ ಸೀಳಿಗೆ ಸಿಕ್ಕ ಬಹುಮಾನ! ತಕ್ಷಣ ನಗು ಬರುತ್ತೆ, ಮಾರಾಟಗಾರರ ಪರ ವಾದಿಸೋಣ ಅನ್ನಿಸುತ್ತೆ. ಆದರೂ ಸ್ವಲ್ಪ ತಡೆದು ಓದಿದರೆ ಅಲ್ಲೂ ಒಂದು ಸುಳಿವು ಇದೆ. ಗ್ಯಾಸ್ಕೆಟ್ ಹೊರಬಂದಿದೆ ಅಂದ್ರೆ ಬಹುಶಃ ಸೀಟಿಯ ನಳಿಕೆ ಕಟ್ಟಿತ್ತು. ಯಾಕೆ ಕಟ್ಟಿತು? ಆಫೀಸಿಗೆ ಹೊತ್ತಾಗಿತ್ತು, ಎರಡು ದಿನದ ಬೇಳೆ ಒಟ್ಟಿಗೇ ಹಾಕಿ ಉರಿ ದೊಡ್ಡದಾಗಿ ಇಟ್ಟಿದ್ದರು. ಬೇಳೆಗೆ ಅರ್ಧದ ಗೆರೆ ದಾಟಬೇಡಿ ಅಂತ ಕೈಪಿಡಿಯಲ್ಲಿ ಬರೆದಿದೆ, ಓದಿದವರು ಯಾರು?

ಈಚೆಗೆ ನಡುವೆ ತಗ್ಗಾದ, ಬಟ್ಟಲಿನಂಥ ಮುಚ್ಚಳದ ಕುಕ್ಕರ್‌ಗಳು ಅಂಗಡಿಗೆ ಬಂದಿವೆ. ಸೀಟಿಯಿಂದ ಉಕ್ಕಿದ ನೊರೆ ಸ್ಟೌ ಮೇಲೆ ಇಳಿಯದೆ ಆ ತಗ್ಗಿನಲ್ಲೇ ನಿಲ್ಲುತ್ತೆ. ಸ್ಟೌ ಒರೆಸೋ ಕೆಲಸ ತಪ್ಪಿತು. ನಳಿಕೆ ಕಟ್ಟೋದು ಮಾತ್ರ ಹಾಗೇ ಇದೆ.