ಎನ್‌ಆರ್‌ಒ ಖಾತೆಯ ಹಣ ಎನ್‌ಆರ್‌ಇಗೆ ಹೋಗದಿರುವುದೇಕೆ? ನಿಯಮ ಬಿಟ್ಟುಕೊಟ್ಟಿರುವ ದಾರಿಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಅನೇಕ ಸದಸ್ಯರ ಮನೆಗಳಲ್ಲಿ ಒಬ್ಬರಾದರೂ ಗಲ್ಫಿನಲ್ಲಿದ್ದಾರೆ. ಅವರ ಹೆಸರಿನಲ್ಲಿ ಸಾಮಾನ್ಯವಾಗಿ ಎರಡು ಖಾತೆಗಳಿರುತ್ತವೆ. ಹೊರದೇಶದ ಸಂಬಳ ಬಂದು ಬೀಳುವುದು ಎನ್‌ಆರ್‌ಇ ಖಾತೆಗೆ. ಊರಿನ ಬಾಡಿಗೆ, ತೋಟದ ಆದಾಯ, ತಂದೆ ತಾಯಿಯಿಂದ ಬಂದ ಹಣ ಸೇರುವುದು ಎನ್‌ಆರ್‌ಒ, ಅಂದರೆ ಅನಿವಾಸಿ ಸಾಮಾನ್ಯ ಖಾತೆಗೆ. ಎರಡೂ ಒಂದೇ ಬ್ಯಾಂಕಿನಲ್ಲಿ, ಒಂದೇ ಹೆಸರಿನಲ್ಲಿದ್ದರೂ ಎನ್‌ಆರ್‌ಒದಿಂದ ಎನ್‌ಆರ್‌ಇಗೆ ಮೊಬೈಲಿನಲ್ಲಿ ಹಣ ಕಳುಹಿಸಲು ಹೋದರೆ ವ್ಯವಹಾರ ತಿರಸ್ಕೃತವಾಗುತ್ತದೆ. ಇದು ಬ್ಯಾಂಕಿನ ಯಂತ್ರದ ದೋಷವಲ್ಲ, ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ (ಫೆಮಾ, 1999) ನಿಯಮ.

ತಡೆ ಇರುವುದು ಎಲ್ಲಿ

ಎನ್‌ಆರ್‌ಇಯಲ್ಲಿರುವ ಹಣವನ್ನು ಯಾವಾಗ ಬೇಕಾದರೂ, ಎಷ್ಟು ಬೇಕಾದರೂ ಹೊರದೇಶಕ್ಕೆ ಮರಳಿ ಒಯ್ಯಬಹುದು. ಆದ್ದರಿಂದ ಆ ಖಾತೆಗೆ ಹಣ ಸೇರಿಸುವುದೆಂದರೆ, ಕಾನೂನಿನ ದೃಷ್ಟಿಯಲ್ಲಿ ಅದನ್ನು ದೇಶದಿಂದ ಹೊರಗೆ ಕಳುಹಿಸಿದಂತೆಯೇ. ಊರಿನಲ್ಲಿ ಹುಟ್ಟಿದ ಹಣಕ್ಕೆ ಆ ಸ್ವಾತಂತ್ರ್ಯ ತಾನಾಗಿ ಸಿಗುವುದಿಲ್ಲ.

ಹಾಗಾಗಿ ಇದು ಒಂದೇ ಕಡೆ ತೆರೆಯುವ ಬಾಗಿಲು. ಎನ್‌ಆರ್‌ಇಯಿಂದ ಎನ್‌ಆರ್‌ಒಗೆ, ಅಥವಾ ಊರಿನಲ್ಲಿರುವ ಹೆಂಡತಿಯ, ತಾಯಿಯ ಉಳಿತಾಯ ಖಾತೆಗೆ ಹಣ ಹಾಕಲು ಅಡ್ಡಿಯಿಲ್ಲ. ಆದರೆ ಹಾಗೆ ದಾಟಿದ ಹಣ ಆ ಕ್ಷಣವೇ ಸಾಮಾನ್ಯ ರೂಪಾಯಿಯಾಗುತ್ತದೆ. ಮೂಲದಲ್ಲಿ ದುಬಾಯಿಯ ಸಂಬಳವಾಗಿತ್ತು ಎಂಬ ಕಾರಣಕ್ಕೆ ಅದು ನೇರವಾಗಿ ಎನ್‌ಆರ್‌ಇಗೆ ಹಿಂದಿರುಗುವುದಿಲ್ಲ. ಹೊರದೇಶದಲ್ಲಿ ಮಕ್ಕಳ ಫೀಸು ಕಟ್ಟಲು ಬೇಕಾಗಬಹುದಾದ ಹಣವನ್ನು ಎನ್‌ಆರ್‌ಇಯಲ್ಲೇ ಬಿಟ್ಟು, ಮನೆಖರ್ಚಿಗೆ ಬೇಕಾದಷ್ಟನ್ನು ಮಾತ್ರ ಊರಿನ ಖಾತೆಗೆ ಹಾಕಬೇಕು.

ಅನುಮತಿ ಇರುವ ಮೂರು ದಾರಿಗಳು

ಮೊದಲನೆಯದು ಚಾಲ್ತಿ ಆದಾಯ. ಬಾಡಿಗೆ, ಪಿಂಚಣಿ, ಡಿವಿಡೆಂಡ್, ಬಡ್ಡಿ ಇವನ್ನು ತೆರಿಗೆ ಕಳೆದ ಮೇಲೆ ಹೊರಗೆ ಕಳುಹಿಸಬಹುದು ಅಥವಾ ಎನ್‌ಆರ್‌ಇಗೆ ಸೇರಿಸಬಹುದು. ಇದಕ್ಕೆ ವಾರ್ಷಿಕ ಮಿತಿಯಿಲ್ಲ. ಅದು ಚಾಲ್ತಿ ಆದಾಯವೇ ಎಂದು ಮತ್ತು ಅದರ ತೆರಿಗೆ ಸಂದಿದೆ ಎಂದು ಬ್ಯಾಂಕಿಗೆ ಮನವರಿಕೆಯಾಗಬೇಕು, ಅಷ್ಟೆ.

ಎರಡನೆಯದು ಕೂಡಿಟ್ಟ ಹಣ, ಆಸ್ತಿ ಮಾರಿದ ಹಣ ಮತ್ತು ವಾರಸಿನ ಹಣ. ಇದಕ್ಕೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ಹಣಕಾಸು ವರ್ಷದಲ್ಲಿ ಒಟ್ಟು 10 ಲಕ್ಷ ಅಮೆರಿಕನ್ ಡಾಲರ್ ಮಿತಿಯಿದೆ. ಎನ್‌ಆರ್‌ಇಗೆ ವರ್ಗಾಯಿಸಿದ್ದೂ, ನೇರವಾಗಿ ಹೊರದೇಶಕ್ಕೆ ಕಳುಹಿಸಿದ್ದೂ ಇದೇ ಲೆಕ್ಕಕ್ಕೆ ಬರುತ್ತವೆ. ರೂಪಾಯಿಯಲ್ಲಿ ಇದು ಎಂಟು ಕೋಟಿಗೂ ಹೆಚ್ಚು. ಆದ್ದರಿಂದ ನಮ್ಮವರಲ್ಲಿ ಹೆಚ್ಚಿನವರನ್ನು ತಡೆಯುವುದು ಮಿತಿಯಲ್ಲ, ಕಾಗದಪತ್ರ.

ಮೂರನೆಯದು ಹೆಂಡತಿಯ ಅಥವಾ ತಾಯಿಯ ಖಾತೆಯಲ್ಲಿ ಉಳಿದುಹೋದ ಹಣಕ್ಕೆ. ಊರಿನಲ್ಲಿರುವವರು ಹತ್ತಿರದ ಸಂಬಂಧಿಯಾದ ಅನಿವಾಸಿಯ ಎನ್‌ಆರ್‌ಒ ಖಾತೆಗೆ ಚೆಕ್ ಅಥವಾ ಆನ್‌ಲೈನ್ ಮೂಲಕ ರೂಪಾಯಿ ಉಡುಗೊರೆ ಕೊಡಬಹುದು. ಇದು ಕೊಡುವವರ ವರ್ಷದ 2.5 ಲಕ್ಷ ಡಾಲರ್ ಮಿತಿಯೊಳಗಿರಬೇಕು. ಅಲ್ಲಿಂದ ಮುಂದೆ ಎರಡನೆಯ ದಾರಿ ಹಿಡಿಯಬೇಕು.

ಬೇಕಾದ ಕಾಗದಗಳು

ಬ್ಯಾಂಕಿನ ಅರ್ಜಿ ಮತ್ತು ಫೆಮಾ ಘೋಷಣೆಯ ಜೊತೆಗೆ, 15ಸಿಎ, 15ಸಿಬಿ ಎಂದು ಎಲ್ಲರೂ ಕರೆಯುವ ಎರಡು ತೆರಿಗೆ ನಮೂನೆಗಳಿವೆ. 15ಸಿಬಿ ಎಂದರೆ ತೆರಿಗೆಯ ಸ್ಥಿತಿ ನೋಡಿ ಚಾರ್ಟರ್ಡ್ ಅಕೌಂಟೆಂಟ್ ಕೊಡುವ ಪ್ರಮಾಣಪತ್ರ. 15ಸಿಎ ಎಂದರೆ ಖಾತೆದಾರರು ಆದಾಯ ತೆರಿಗೆಯ ಪೋರ್ಟಲ್‌ನಲ್ಲಿ ಸಲ್ಲಿಸುವ ಘೋಷಣೆ. ತೆರಿಗೆಗೆ ಒಳಪಡುವ ಮೊತ್ತ ವರ್ಷಕ್ಕೆ 5 ಲಕ್ಷ ರೂಪಾಯಿ ಮೀರದಿದ್ದರೆ ಕಾನೂನು 15ಸಿಬಿ ಕೇಳುವುದಿಲ್ಲ. ಆದರೂ ಹಲವು ಬ್ಯಾಂಕುಗಳು ಕೇಳುತ್ತವೆ. ಇವುಗಳ ಜೊತೆಗೆ ಹಣದ ಮೂಲ ತೋರಿಸುವ ದಾಖಲೆ ಬೇಕು: ಬಾಡಿಗೆ ಕರಾರು, ಕ್ರಯಪತ್ರ, ಅಥವಾ ಮರಣ ಪ್ರಮಾಣಪತ್ರ ಮತ್ತು ಉಯಿಲು ಇಲ್ಲವೇ ವಾರಸು ಪ್ರಮಾಣಪತ್ರ.

ಒಂದು ಉದಾಹರಣೆ

ಅಬುಧಾಬಿಯಲ್ಲಿರುವ ಒಬ್ಬರ ಎನ್‌ಆರ್‌ಒ ಖಾತೆಯಲ್ಲಿ 24,71,520 ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. ಇದರಲ್ಲಿ 18 ಲಕ್ಷ ತೀರಿಕೊಂಡ ತಂದೆಯ ನಿಶ್ಚಿತ ಠೇವಣಿಯದು, ಅದಕ್ಕೆ ಅವರೊಬ್ಬರೇ ವಾರಸುದಾರರು. 3,71,520 ರೂಪಾಯಿ ಕಾಸರಗೋಡಿನ ಮನೆಯ ಮೂರು ವರ್ಷದ ಬಾಡಿಗೆ. ಉಳಿದ 3 ಲಕ್ಷ, ಇನ್ನೊಂದು ಬ್ಯಾಂಕಿನಲ್ಲಿದ್ದ ತಮ್ಮದೇ ಎನ್‌ಆರ್‌ಒ ಖಾತೆಯನ್ನು ಮುಚ್ಚಿ ಇಲ್ಲಿಗೆ ತಂದದ್ದು. ಪೂರ್ತಿ ಮೊತ್ತವನ್ನು ಎನ್‌ಆರ್‌ಇಗೆ ಹಾಕಲು ಕೊಟ್ಟ ಅರ್ಜಿ ವಾಪಸಾಗುತ್ತದೆ.

ಅಡ್ಡಿಯಾದದ್ದು ಆ 3 ಲಕ್ಷ. ಹೊರಗೆ ಕಳುಹಿಸುವ ಹಣ ಸಾಲದಿಂದ ಬಂದದ್ದಲ್ಲ, ಬೇರೆ ಎನ್‌ಆರ್‌ಒ ಖಾತೆಯಿಂದ ವರ್ಗವಾದದ್ದೂ ಅಲ್ಲ ಎಂದು ಘೋಷಿಸಬೇಕು. ಆ ಹಣವನ್ನು ಹಳೆಯ ಬ್ಯಾಂಕಿನಲ್ಲಿರುವಾಗಲೇ ಅಲ್ಲಿಂದ ನೇರವಾಗಿ ಎನ್‌ಆರ್‌ಇಗೆ ಕಳುಹಿಸಲು ಅರ್ಜಿ ಹಾಕಬೇಕಿತ್ತು. ಈಗ ಅದನ್ನು ಮನೆಯ ರಿಪೇರಿ, ಕಟ್ಟಡ ತೆರಿಗೆಯಂಥ ಊರಿನ ಖರ್ಚಿಗೆ ಉಳಿಸಿಕೊಳ್ಳುವುದೇ ಸರಿ.

ಬಾಡಿಗೆಯ ಲೆಕ್ಕ ಹೀಗಿದೆ. ತಿಂಗಳ ಬಾಡಿಗೆ 15,000 ರೂಪಾಯಿ. ಮನೆಯ ಒಡೆಯರು ಅನಿವಾಸಿಯಾದರೆ ಬಾಡಿಗೆ ಎಷ್ಟೇ ಚಿಕ್ಕದಿರಲಿ, ಬಾಡಿಗೆದಾರರು ಸೆಸ್ ಸೇರಿ ಶೇ. 31.2ರಂತೆ ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟಬೇಕು. ಅದು 4,680 ರೂಪಾಯಿ. ಖಾತೆಗೆ ಬರುವುದು 10,320. ಮೂವತ್ತಾರು ತಿಂಗಳಿಗೆ 3,71,520. ಈ ಕಡಿತ 26ಎಎಸ್ ಪಟ್ಟಿಯಲ್ಲಿ ಕಾಣುವುದರಿಂದ ಅಕೌಂಟೆಂಟ್ ನಿಶ್ಚಿಂತೆಯಿಂದ ಸಹಿ ಹಾಕುತ್ತಾರೆ. ಹೆಚ್ಚಾಗಿ ಹಿಡಿದ ತೆರಿಗೆಯನ್ನು ರಿಟರ್ನ್ ಸಲ್ಲಿಸಿ ಹಿಂದಕ್ಕೆ ಪಡೆಯಬಹುದು. ಬಾಡಿಗೆದಾರರು ಏನನ್ನೂ ಹಿಡಿಯದೆ 15,000 ಪೂರ್ತಿ ಹಾಕಿದ್ದರೆ ಕೆಲಸ ಇಲ್ಲೇ ನಿಲ್ಲುತ್ತಿತ್ತು. ಆಗ ಮೊದಲು ಆ ವರ್ಷಗಳ ತೆರಿಗೆಯ ಲೆಕ್ಕ ಸರಿಪಡಿಸಬೇಕು.

ತಂದೆಯ ಠೇವಣಿಗೆ ನಮ್ಮಲ್ಲಿ ವಾರಸು ತೆರಿಗೆಯಿಲ್ಲ. ವಾರಸಿನ ದಾಖಲೆ ಮತ್ತು ಠೇವಣಿ ಮುಗಿಸಿದ ಚೀಟಿ ಸಾಕು. ನಾಮಿನಿಯ ಹೆಸರಷ್ಟೇ ಇದ್ದರೆ ಸಾಲದು. ನಾಮಿನಿ ಹಣ ಪಡೆಯುವವರೇ ಹೊರತು ಅದರ ಒಡೆಯರಲ್ಲ. ಹೀಗೆ 21,71,520 ರೂಪಾಯಿ ಎನ್‌ಆರ್‌ಇಗೆ ದಾಟುತ್ತದೆ.

ಹಳೆಯ ಉಳಿತಾಯ ಖಾತೆ ಮತ್ತು ಮರಳಿ ಬಂದ ಮೇಲೆ

ಕೆಲಸಕ್ಕೆ ಹೊರದೇಶಕ್ಕೆ ಹೋದ ಮೇಲೂ ಊರಿನ ಹಳೆಯ ಉಳಿತಾಯ ಖಾತೆಯನ್ನು ಹಾಗೆಯೇ ನಡೆಸುವುದು ನಿಯಮಕ್ಕೆ ವಿರುದ್ಧ. ಅದನ್ನು ಎನ್‌ಆರ್‌ಒ ಎಂದು ಬದಲಾಯಿಸಿಕೊಳ್ಳಬೇಕು. ಅಲ್ಲಿನ ಹಣ ಎನ್‌ಆರ್‌ಇಗೆ ಹೋಗಬೇಕಾದರೂ ಇದೇ ಮೊದಲ ಹೆಜ್ಜೆ.

ಖಾಯಂ ಆಗಿ ಊರಿಗೆ ಮರಳಿದಾಗ ಎರಡೂ ಖಾತೆಗಳು ನಿವಾಸಿ ಖಾತೆಗಳಾಗಬೇಕು. ಎನ್‌ಆರ್‌ಇಯ ಹಣವನ್ನು ಮುಂದೆಯೂ ಹೊರದೇಶಕ್ಕೆ ಒಯ್ಯುವ ಅವಕಾಶ ಬೇಕಿದ್ದರೆ, ಸಾಮಾನ್ಯ ಖಾತೆಗೆ ಹಾಕಿಸುವ ಮೊದಲೇ ಆರ್‌ಎಫ್‌ಸಿ, ಅಂದರೆ ನಿವಾಸಿ ವಿದೇಶಿ ಕರೆನ್ಸಿ ಖಾತೆಗೆ ವರ್ಗಾಯಿಸುವಂತೆ ಬ್ಯಾಂಕಿಗೆ ಬರೆದು ಕೊಡಬೇಕು.