ಕರಾವಳಿಯ ಸೆಖೆಗೆ ತಾಳುವ ಗೇಮಿಂಗ್ ಫೋನ್

ಹದಿನೈದರಿಂದ ಇಪ್ಪತ್ತು ಸಾವಿರ ರೂಪಾಯಿಯ ಫೋನ್‌ಗಳ ಪೆಟ್ಟಿಗೆಗಳ ಮೇಲೆ ಚಿಪ್‌ಸೆಟ್, ರ‍್ಯಾಮ್, ಟಚ್ ಸ್ಯಾಂಪ್ಲಿಂಗ್ ಎಲ್ಲವೂ ದೊಡ್ಡದಾಗಿ ಬರೆದಿರುತ್ತವೆ. ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಬಿಜಿಎಂಐ ಅಥವಾ ಫ್ರೀ ಫೈರ್ ಆಡುವವರಿಗೆ ಆ ಅಂಕಿಗಳಷ್ಟೇ ಮುಖ್ಯವಾದ ಇನ್ನೊಂದು ವಿಷಯವಿದೆ: ಇಲ್ಲಿಯ ಸೆಖೆಯಲ್ಲಿ ಫೋನ್ ಅರ್ಧ ಗಂಟೆಯ ನಂತರ ಎಷ್ಟು ವೇಗ ಉಳಿಸಿಕೊಳ್ಳುತ್ತದೆ ಎಂಬುದು.

ಬಿಸಿಯ ಲೆಕ್ಕ

ಫೋನಿನೊಳಗೆ ಹುಟ್ಟಿದ ಶಾಖ ಕೊನೆಗೆ ಹೊರಗಿನ ಗಾಳಿಗೇ ಹೋಗಬೇಕು. ಎಷ್ಟು ಹೋಗುತ್ತದೆ ಎಂಬುದು ಫೋನಿನ ಮೈಗೂ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ಫೋನಿನ ಬೆನ್ನು 43 ಡಿಗ್ರಿ ದಾಟದಂತೆ ಕಂಪನಿ ಮಿತಿ ಇಟ್ಟಿದೆ ಎಂದುಕೊಳ್ಳೋಣ. ಎ.ಸಿ. ಹಾಕಿದ ಅಂಗಡಿಯಲ್ಲಿ ಗಾಳಿ 24 ಡಿಗ್ರಿ ಇದ್ದರೆ ಅಂತರ 19 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋದ ಮನೆಯೊಳಗೆ ಗಾಳಿ 33 ಡಿಗ್ರಿ ಇದ್ದರೆ ಅಂತರ ಬರೀ 10. ಅಂದರೆ ಅದೇ ಫೋನ್ ಇಲ್ಲಿ ಹೊರಹಾಕಬಲ್ಲ ಶಾಖ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಿತಿ ಮೀರದಿರಲು ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಟದಲ್ಲಿ ಇದು ಗೊತ್ತಾಗುವುದು ಹೀಗೆ: ಮೊದಲ ಮ್ಯಾಚ್ ನುಣುಪಾಗಿ ಸಾಗುತ್ತದೆ, ಎರಡನೆಯದರಲ್ಲಿ ಗುಂಡಿನ ಕಾಳಗದ ಹೊತ್ತಿಗೇ ಚಿತ್ರ ಎಳೆದಾಡುತ್ತದೆ, ಪರದೆಯ ಬೆಳಕೂ ತಾನಾಗಿ ಕುಗ್ಗುತ್ತದೆ.

ವೇಪರ್ ಚೇಂಬರ್ ಎಂದರೆ ಸ್ವಲ್ಪವೇ ದ್ರವ ತುಂಬಿ ಮುಚ್ಚಿದ ತೆಳು ಲೋಹದ ತಗಡು. ಚಿಪ್ಪಿನ ಬಳಿ ದ್ರವ ಆವಿಯಾಗುತ್ತದೆ, ತಂಪಿರುವ ಕಡೆ ಹೋಗಿ ಮತ್ತೆ ನೀರಾಗುತ್ತದೆ. ಇದು ಶಾಖವನ್ನು ಇಡೀ ಬೆನ್ನಿಗೆ ಹರಡುತ್ತದೆ, ಆದರೆ ಗಾಳಿಯನ್ನು ತಂಪು ಮಾಡುವುದಿಲ್ಲ. ಆದ್ದರಿಂದ ಅದರ ಚದರ ಮಿಲಿಮೀಟರ್ ಎಷ್ಟು ಎಂಬ ಜಾಹೀರಾತಿಗಿಂತ ಕಡಿಮೆ ಶಾಖ ಹುಟ್ಟಿಸುವ ಚಿಪ್ಪಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಚಿಪ್‌ಸೆಟ್

ಮೀಡಿಯಾಟೆಕ್‌ನ ಎರಡು ಚಿಪ್‌ಗಳನ್ನು ಹೋಲಿಸಿ ನೋಡಬಹುದು. 2022ರ ಹೀಲಿಯೊ ಜಿ99 6 ನ್ಯಾನೊಮೀಟರ್‌ನದು. ಅದರಲ್ಲಿ ದೊಡ್ಡ ಕೋರ್‌ಗಳು ಎರಡು, 5ಜಿ ಇಲ್ಲ. 2024ರ ಡೈಮೆನ್ಸಿಟಿ 7300 4 ನ್ಯಾನೊಮೀಟರ್‌ನದು. ಅದರಲ್ಲಿ ಹೊಸ ಪೀಳಿಗೆಯ ದೊಡ್ಡ ಕೋರ್‌ಗಳು ನಾಲ್ಕು, ಗ್ರಾಫಿಕ್ಸ್ ಕೂಡ ಹೊಸದು. 60 ಫ್ರೇಮ್ ಕೊಡಲು ಜಿ99 ಮೈಮುರಿದು ದುಡಿಯಬೇಕಾದ ಕಡೆ 7300 ಕಡಿಮೆ ವೇಗದಲ್ಲೇ ನಿಭಾಯಿಸುತ್ತದೆ, ಹಾಗಾಗಿ ಕಡಿಮೆ ಕಾಯುತ್ತದೆ. ಕರಾವಳಿಗೆ ಬೇಕಾದದ್ದು ಈ ಮಿಗಿಲು ಶಕ್ತಿ. 120 ಹರ್ಟ್ಸ್ ಪರದೆ ಇದ್ದಮಾತ್ರಕ್ಕೆ ಆಟ 120 ಫ್ರೇಮ್‌ನಲ್ಲಿ ಓಡುವುದಿಲ್ಲ ಎಂಬುದೂ ನೆನಪಿರಲಿ. ಯಾವ ಫೋನಿಗೆ ಎಷ್ಟು ಫ್ರೇಮ್ ಎಂದು ನಿರ್ಧರಿಸುವುದು ಆಟದ ಕಂಪನಿ.

ಮೆಮೊರಿ

8 ಜಿಬಿ ನಿಜವಾದ ರ‍್ಯಾಮ್ ಸಾಕು. “8+8” ಎಂದಿದ್ದರೆ ಎರಡನೆಯ ಎಂಟು ಸ್ಟೋರೇಜ್‌ನಿಂದ ಎರವಲು ತಂದದ್ದು, ವೇಗದಲ್ಲಿ ರ‍್ಯಾಮ್‌ಗೆ ಸಮನಲ್ಲ. ಸ್ಟೋರೇಜ್ ಇಎಂಎಂಸಿ ಆಗಿದ್ದರೆ ಬಿಡಿ, ಕನಿಷ್ಠ ಯುಎಫ್‌ಎಸ್ 2.2 ಇರಲಿ.

ಟಚ್ ಮತ್ತು ಬೆವರು

ಟಚ್ ಸ್ಯಾಂಪ್ಲಿಂಗ್ ಎಂದರೆ ಪರದೆ ಬೆರಳನ್ನು ಸೆಕೆಂಡಿಗೆ ಎಷ್ಟು ಸಲ ಗಮನಿಸುತ್ತದೆ ಎಂಬ ಲೆಕ್ಕ. 120 ಹರ್ಟ್ಸ್‌ನಲ್ಲಿ 8.3 ಮಿಲಿಸೆಕೆಂಡಿಗೊಮ್ಮೆ, 240ರಲ್ಲಿ 4.2ಕ್ಕೊಮ್ಮೆ. ಉಳಿಯುವುದು ನಾಲ್ಕು ಮಿಲಿಸೆಕೆಂಡ್. ಆಟದ ಮೂಲೆಯಲ್ಲಿ ಪಿಂಗ್ 60 ಎಂದು ತೋರಿಸುತ್ತಿದ್ದರೆ ಈ ನಾಲ್ಕು ಲೆಕ್ಕಕ್ಕೇ ಬರುವುದಿಲ್ಲ. 240 ಇದ್ದರೆ ಸಾಕು, ಅದಕ್ಕಿಂತ ಮೇಲಿನ ಸಂಖ್ಯೆಗೆ ದುಡ್ಡು ಕೊಡಬೇಕಿಲ್ಲ.

ಇಲ್ಲಿ ನಿಜವಾಗಿ ಕಾಡುವುದು ಬೆವರು. ಉಪ್ಪು ನೀರು ವಿದ್ಯುತ್ತನ್ನು ಹರಿಸುವುದರಿಂದ ಒದ್ದೆ ಪರದೆ ಬೆರಳು ಎಲ್ಲಿದೆ ಎಂಬುದನ್ನೇ ತಪ್ಪಾಗಿ ಓದುತ್ತದೆ: ಗುರಿ ಜಿಗಿಯುತ್ತದೆ, ಒತ್ತಿದ ಗುಂಡಿ ನಡುವೆ ಬಿಟ್ಟುಹೋಗುತ್ತದೆ. ಹೆಚ್ಚಿನ ಹರ್ಟ್ಸ್ ಇದನ್ನು ಸರಿಪಡಿಸದು. ಬೆರಳಿಗೆ ಹಾಕುವ ಬಟ್ಟೆಯ ಸ್ಲೀವ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹೊರಗಿನ ಕೂಲರ್

ಬೆನ್ನಿಗೆ ಕಚ್ಚಿಸುವ ಕೂಲರ್‌ಗಳಲ್ಲಿ ಪೆಲ್ಟಿಯರ್ ಬಗೆಯವು ಫೋನಿಗೆ ತಾಗುವ ತಮ್ಮ ತಗಡನ್ನು ಗಾಳಿಗಿಂತ ಬಹಳ ತಂಪು ಮಾಡುತ್ತವೆ. ಮಳೆಗಾಲದ ಮುಂಚಿನ ಕರಾವಳಿ ಗಾಳಿಯಲ್ಲಿ 25 ಡಿಗ್ರಿಯ ಆಸುಪಾಸಿನ ಯಾವ ಮೈ ಮೇಲಾದರೂ ನೀರು ಹನಿಗಟ್ಟಬಲ್ಲದು. ಆ ಹನಿ ಚಾರ್ಜಿಂಗ್ ಪಿನ್‌ನ ಕಡೆಗೆ ಇಳಿದರೆ ತುಕ್ಕಿಗೆ ದಾರಿ. ಇಲ್ಲಿಗೆ ಬರೀ ಫ್ಯಾನ್ ಇರುವ ಕೂಲರ್ ಒಳ್ಳೆಯದು. ದಪ್ಪ ಕವರ್ ತೆಗೆದು, ಚಾರ್ಜ್‌ಗೆ ಹಾಕದೆ ಆಡಿದರೆ ಖರ್ಚಿಲ್ಲದೆಯೇ ಬಿಸಿ ತಗ್ಗುತ್ತದೆ.

ಪರೀಕ್ಷೆ

3ಡಿಮಾರ್ಕ್ ಆ್ಯಪ್‌ನ ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್ ಒಂದೊಂದು ನಿಮಿಷದ 20 ಸುತ್ತು ಓಡಿಸಿ, ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಅಂಕ ತೋರಿಸುತ್ತದೆ. ಶೇಕಡಾವಾರು ಸ್ಥಿರತೆಯನ್ನಷ್ಟೇ ನೋಡಬೇಡಿ. ಒಂದು ಫೋನ್ 3,000ದಿಂದ 2,100ಕ್ಕೆ ಇಳಿದು ಶೇ. 70 ಪಡೆದರೂ, 1,300ರಲ್ಲೇ ಶೇ. 99 ಪಡೆದ ಫೋನಿಗಿಂತ ಅದೇ ಮೇಲು. ಹಾಗಾಗಿ ಹೋಲಿಸಬೇಕಾದದ್ದು ಕಡಿಮೆ ಅಂಕಗಳನ್ನು. ವಿಮರ್ಶಕರು ತಂಪು ಕೋಣೆಯಲ್ಲಿ ತೆಗೆದ ಅಂಕ ನಮ್ಮ ಊರಿಗೆ ಹೊಂದುವುದಿಲ್ಲ. ಗೆಳೆಯರ ಬಳಿ ಅದೇ ಮಾದರಿ ಇದ್ದರೆ ಮಧ್ಯಾಹ್ನ ಫ್ಯಾನ್ ಆರಿಸಿ ಓಡಿಸಿ ನೋಡಿ. ಗಲ್ಫ್‌ನಿಂದ ತಂದ ಫೋನಾದರೆ ಭಾರತದಲ್ಲಿ ವಾರಂಟಿ ಉಂಟೇ, ಇಲ್ಲಿಯ 5ಜಿ ಬ್ಯಾಂಡ್‌ಗಳಿವೆಯೇ ಎಂಬುದನ್ನು ಪರೀಕ್ಷೆಗೂ ಮೊದಲೇ ಖಚಿತಪಡಿಸಿಕೊಳ್ಳಿ.